ಸ್ಟ್ಯಾಟಿನ್ ಮೈಕೈ ನೋವು: ಡೋಸ್ ಇಳಿಸುವುದೋ, ಮಾತ್ರೆ ಬದಲಿಸುವುದೋ?

ಸೋಮವಾರಪೇಟೆ ಕಡೆಯ 58ರ ಬೆಳೆಗಾರರೊಬ್ಬರನ್ನು ಊಹಿಸಿಕೊಳ್ಳಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಮಾತ್ರೆ ಅಟೊರ್ವಾಸ್ಟಾಟಿನ್ 40 ಮಿ.ಗ್ರಾಂ ಶುರುವಾಗಿ ತಿಂಗಳಾಗಿದೆ, ಕಾಫಿ ಕೊಯ್ಲೂ ನಡೆದಿದೆ. ಮೂಟೆ ಹೊತ್ತ ಬಲಭುಜ ಮಾತ್ರ ನೋಯುತ್ತಿದ್ದರೆ ನಾನು ಮೂಟೆಯನ್ನೇ ದೂರುವೆ. ಎರಡೂ ತೊಡೆ ಒಂದೇ ತರ ನೋಯುತ್ತಿದ್ದರೆ ಮಾತ್ರೆಯ ಮೇಲೆ ಅನುಮಾನ ಬರುತ್ತದೆ. ಆದರೂ ಅನುಮಾನವಷ್ಟೇ: 2022ರ ದೊಡ್ಡ ವಿಶ್ಲೇಷಣೆಯಲ್ಲಿ ಸ್ಟ್ಯಾಟಿನ್ ತಗೊಂಡವರಲ್ಲಿ ಸುಮಾರು 27.1%, ಖಾಲಿ ಮಾತ್ರೆ ತಗೊಂಡವರಲ್ಲೂ 26.6% ಮಂದಿ ಸ್ನಾಯು ತೊಂದರೆ ಹೇಳಿದ್ದರು.

ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ, ಕುಳಿತಲ್ಲಿಂದ ಏಳಲಾಗದಷ್ಟು ಬಲ ಕುಗ್ಗಿದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಉಳಿದವರು ವೈದ್ಯರನ್ನು ಕೇಳಿ ಥೈರಾಯ್ಡ್ ರಕ್ತಪರೀಕ್ಷೆ, ಸ್ನಾಯುಗಳಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಸಿಕೆ ಎಂಬ ಕಿಣ್ವದ ಪರೀಕ್ಷೆ ಮಾಡಿಸಲಿ. ಕ್ಲಾರಿಥ್ರೊಮೈಸಿನ್‌ನಂಥ ಆ್ಯಂಟಿಬಯೋಟಿಕ್ ಜೊತೆಗಿದ್ದರೂ ಹೇಳಬೇಕು, ಅದು ಅಟೊರ್ವಾಸ್ಟಾಟಿನ್ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ.

ಸಿಕೆ ಹೆಚ್ಚೇನೂ ಏರಿಲ್ಲದಿದ್ದರೆ ವೈದ್ಯರು ಸಾಮಾನ್ಯವಾಗಿ 2ರಿಂದ 4 ವಾರ ಮಾತ್ರೆ ನಿಲ್ಲಿಸಿ ನೋಡುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ತಾವಾಗಿಯೇ ಮಾಡಬಾರದು. ನೋವು ಹೋಗಿ, ಮತ್ತೆ ಶುರುಮಾಡಿದಾಗ ಮರಳಿದರೆ ಎರಡು ದಾರಿ. 40ನ್ನು 20ಕ್ಕೆ ಇಳಿಸುವುದು ಸುಲಭ. ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಇಳಿಕೆಯಲ್ಲಿ ಕಳೆದುಕೊಳ್ಳುವುದು ಸುಮಾರು 6 ಶೇಕಡಾಂಶ ಮಾತ್ರ. ಇನ್ನೊಂದು ದಾರಿ ಮಾತ್ರೆ ಬದಲಿಸುವುದು: ಮತ್ತೊಂದು ಸ್ಟ್ಯಾಟಿನ್ ಆದ ರೋಸುವಾಸ್ಟಾಟಿನ್ 5 ಮಿ.ಗ್ರಾಂ ದಿನ ಬಿಟ್ಟು ದಿನ ತಗೊಂಡರೂ ಕೆಲಸ ಮಾಡುತ್ತದೆ, ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ. ಆದರೆ ಇಳಿಕೆ ಕಡಿಮೆ, ಯಾವ ದಿನ ನುಂಗಿದ್ದೆಂದು ಮರೆಯುವವರಿಗೆ ಕಿರಿಕಿರಿ. ನಾನಾದರೆ ಮೊದಲು ಡೋಸ್ ಇಳಿಸಿ, ಗುರಿ ಮುಟ್ಟದಿದ್ದರೆ ಸ್ಟ್ಯಾಟಿನ್ ಅಲ್ಲದ ಕೊಲೆಸ್ಟ್ರಾಲ್ ಮಾತ್ರೆ ಎಜೆಟಿಮೈಬ್ 10 ಮಿ.ಗ್ರಾಂ ಸೇರಿಸಬಹುದೇ ಎಂದು ಡಾಕ್ಟರನ್ನು ಕೇಳುತ್ತೇನೆ.