ಬುಲೆಟ್ ರಿಪೋರ್ಟನ್ನು ಗದ್ಯ ಮಾಡಲು ಮೂರು ದಾರಿ: ಒಂದೇ ಭಾಗ, ಮೂರು ಫಲ

ಬೆಂಗಳೂರಿನ ವಿಜಯನಗರದ ಕೆಲವು ಬೀದಿಗಳಲ್ಲಿ ಮಳೆನೀರು ಕೊಯ್ಲಿನ ಬಗ್ಗೆ ನಾವು ಮಾಡಿದ ಸರ್ವೆಯ ರಿಪೋರ್ಟ್ ಪೂರ್ತಿ ಬುಲೆಟ್‌ಗಳಲ್ಲೇ ಇತ್ತು. ಸ್ಲೈಡ್‌ಗೆ ಅಂತ ಬರೆದದ್ದು. ಅದನ್ನೇ ಎಂಎಸ್‌ಡಬ್ಲ್ಯೂ ಪ್ರಬಂಧದ ಅಧ್ಯಾಯವಾಗಿ ಬರೆದು ಕೊಡಿ ಎಂದರು ಗೈಡ್. ಒಂದು ಭಾಗವನ್ನು ತೆಗೆದುಕೊಂಡು ಮೂರು ರೀತಿ ಬರೆದು ನೋಡಿದೆ. ಮೂಲ ಹೀಗಿತ್ತು:

- ಮಳೆನೀರು ಕೊಯ್ಲು ವ್ಯವಸ್ಥೆ ಇದೆ, ಬಳಕೆಯಲ್ಲಿಲ್ಲ
  - ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಿಂದ ಕಡ್ಡಾಯ
  - ಫಿಲ್ಟರ್ ತೊಳೆಯುವುದಿಲ್ಲ
    - ಜಲ್ಲಿ, ಮರಳಿನ ಮೇಲೆ ಎಲೆ, ಕೆಸರು
  - ಹೊಣೆ ಯಾರದು ಗೊತ್ತಿಲ್ಲ
  - ಬಾಡಿಗೆದಾರರೇ ಜಾಸ್ತಿ
  - ಒಂದು ಮನೆಯಲ್ಲಿ ಮಾತ್ರ ಬಳಕೆ (ಮಾಲೀಕರು ಅಲ್ಲೇ ವಾಸ)

ಮೊದಲ ದಾರಿ ಎಲ್ಲರಿಗೂ ಗೊತ್ತಿರುವಂಥದ್ದು. ಬುಲೆಟ್ ಅಳಿಸಿ, ನಡುವೆ 'ಅಲ್ಲದೆ', 'ಜೊತೆಗೆ', 'ಹಾಗೂ' ಸೇರಿಸುವುದು. ಹತ್ತು ನಿಮಿಷದ ಕೆಲಸ. ಓದಿದರೆ ಕೆಸರು, ಕಾನೂನು, ಬಾಡಿಗೆದಾರರು ಎಲ್ಲ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಯಾವುದು ಮುಖ್ಯ, ಯಾವುದು ಅದರ ವಿವರ ಎಂದು ತೋರಿಸುತ್ತಿದ್ದದ್ದು ಎಡಗಡೆಯ ಜಾಗ ಮಾತ್ರ. ಅದು ಹೋದ ಮೇಲೆ ಉಳಿದದ್ದು ಸುಮ್ನೆ ಪಟ್ಟಿ, ಅಷ್ಟೆ.

ಎರಡನೆಯದು ಸ್ವಲ್ಪ ಉತ್ತಮ. ಮೇಲಿನ ಬುಲೆಟ್ ಪ್ಯಾರಾದ ಮೊದಲ ವಾಕ್ಯ, ಅದರ ಕೆಳಗಿನವು ಒಂದೊಂದು ವಾಕ್ಯ, ಇನ್ನೂ ಒಳಗಿನದು ಆ ವಾಕ್ಯದೊಳಗೇ ಸೇರುತ್ತದೆ. 'ಎಲೆ, ಕೆಸರು ಕಟ್ಟಿಕೊಂಡ ಫಿಲ್ಟರನ್ನು ಯಾರೂ ತೊಳೆಯುವುದಿಲ್ಲ' ಎನ್ನುವಾಗ ಕೆಸರು ತಾನಾಗಿ ಫಿಲ್ಟರಿಗಿಂತ ಕೆಳಗಿನ ಜಾಗಕ್ಕೆ ಹೋಯಿತು. ಕನ್ನಡದಲ್ಲಿ ಇದು ಸಲೀಸು. ಆದರೆ ಹೀಗೆ ಒಂದೇ ವಾಕ್ಯದಲ್ಲಿ ಮೂರು ವಿವರ ತುರುಕಿದರೆ ಕ್ರಿಯಾಪದ ಬರುವ ಹೊತ್ತಿಗೆ ಓದುಗರಿಗೆ ಶುರು ಎಲ್ಲಿತ್ತೆಂದು ಮರೆತುಹೋಗಿರುತ್ತದೆ. ನನ್ನ ಮಟ್ಟಿಗೆ ಒಂದು ವಾಕ್ಯಕ್ಕೆ ಒಂದು ವಿವರ ಸಾಕು.

ಈ ದಾರಿಯ ನಿಜವಾದ ತೊಂದರೆ ಬೇರೆ. ಬುಲೆಟ್ ಜೋಡಣೆ ಹೇಗಿದೆಯೋ ಹಾಗೇ ಗದ್ಯಕ್ಕೂ ಬರುತ್ತದೆ. 'ಹೊಣೆ ಗೊತ್ತಿಲ್ಲ', 'ಬಾಡಿಗೆದಾರರೇ ಜಾಸ್ತಿ' ಎರಡೂ ಒಂದೇ ಹಂತದಲ್ಲಿ ಇದ್ದವು. ನಿಜಕ್ಕೂ ಅವು ಅಕ್ಕಪಕ್ಕದ ವಿಷಯಗಳೇ?

ಮೂರನೆಯ ದಾರಿಯಲ್ಲಿ ಈ ಪ್ರಶ್ನೆಗೆ ಮೊದಲೇ ಉತ್ತರ ಕೊಡಬೇಕಾಗುತ್ತದೆ. ಬರೆಯುವ ಮುಂಚೆ ಪ್ರತಿ ಒಳ ಬುಲೆಟ್ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಪದ ಹಾಕಿದೆ: ಹಿನ್ನೆಲೆ, ಕಾರಣ, ವಿವರ, ಅಪವಾದ. ಹಾಕುತ್ತಾ ಹೋದಂತೆ ಚಿತ್ರ ಬದಲಾಯಿತು. ಕಾನೂನು ಹಿನ್ನೆಲೆ. ತೊಳೆಯದಿರುವುದು ನೇರ ಕಾರಣ. ಹೊಣೆ ತೀರ್ಮಾನವಾಗದಿರುವುದು ಆ ಕಾರಣಕ್ಕೆ ಕಾರಣ. ಬಾಡಿಗೆದಾರರ ವಿಷಯ ಅದಕ್ಕಿಂತಲೂ ಹಿಂದಿನದು. ಪಕ್ಕಪಕ್ಕ ಕಂಡದ್ದು ನಿಜಕ್ಕೂ ಒಂದರ ಹಿಂದೊಂದು ಇರುವ ಸರಪಳಿ. ಕೊನೆಯ ಮನೆ ಅಪವಾದ, ಆದರೆ ಸರಪಳಿಯನ್ನು ಬಲಪಡಿಸುವ ಅಪವಾದ. ಆಮೇಲೆ ಬಂದ ಪ್ಯಾರಾ ಇದು:

'2009ರ ತಿದ್ದುಪಡಿ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದ್ದರಿಂದ ಈ ಮನೆಗಳಲ್ಲಿ ಪೈಪು, ಫಿಲ್ಟರ್ ಎರಡೂ ಇವೆ. ಆದರೆ ಅವು ಬಳಕೆಯಲ್ಲಿಲ್ಲ. ಎಲೆ, ಕೆಸರು ಕಟ್ಟಿಕೊಂಡ ಫಿಲ್ಟರನ್ನು ತೊಳೆಯದಿರುವುದು ಇದಕ್ಕೆ ನೇರ ಕಾರಣ. ತೊಳೆಯುವ ಹೊಣೆ ಯಾರದೆಂದು ತೀರ್ಮಾನವಾಗಿಲ್ಲ. ಬಾಡಿಗೆದಾರರು ಅದು ಮಾಲೀಕರ ಕೆಲಸ ಎನ್ನುತ್ತಾರೆ, ಮಾಲೀಕರು ಅಲ್ಲಿ ವಾಸವಿಲ್ಲ. ಮಾಲೀಕರೇ ವಾಸವಿರುವ ಒಂದು ಮನೆಯಲ್ಲಿ ಮಾತ್ರ ಸಂಪಿನೊಳಗೆ ಮಳೆನೀರು ಇಳಿಯುತ್ತಿರುವುದು ಈ ವಿವರಣೆಗೆ ಹೊಂದುತ್ತದೆ.'

'ಸಾಬೀತುಪಡಿಸುತ್ತದೆ' ಎನ್ನದೆ 'ಹೊಂದುತ್ತದೆ' ಎಂದೇ ಬರೆದೆ. ಒಂದು ಮನೆಯಿಂದ ಅಷ್ಟೇ ಹೇಳಲು ಸಾಧ್ಯ.

ಅಪಾಯವೂ ಈ ದಾರಿಯಲ್ಲೇ ಜಾಸ್ತಿ. ಬುಲೆಟ್ ಏನನ್ನೂ ವಾದಿಸುವುದಿಲ್ಲ, ಆದರೆ 'ಇದರಿಂದ' ಎಂದು ಬರೆದ ಕ್ಷಣ ನೀವೊಂದು ವಾದ ಮಂಡಿಸಿರುತ್ತೀರಿ. ಹಾಗಾಗಿ ಇಂಥ ಪ್ರತಿ ಜೋಡಣೆಗೂ ಟಿಪ್ಪಣಿ ಪುಸ್ತಕದಲ್ಲಿ ಆಧಾರ ಹುಡುಕಿದೆ. 'ಮಾಲೀಕರ ಕೆಲಸ' ಎನ್ನುವ ಮಾತು ಬುಲೆಟ್‌ನಲ್ಲಿ ಇರಲೇ ಇಲ್ಲ, ಮಾತುಕತೆಯ ಟಿಪ್ಪಣಿಯಲ್ಲಿ ಸಿಕ್ಕಿತು. ಸಿಗದೆ ಹೋಗಿದ್ದರೆ ಆ ಕೊಂಡಿಯನ್ನು ಬಿಡಬೇಕಿತ್ತು.

ಹಂತಗಳು ಉಳಿದಿವೆಯೋ ಇಲ್ಲವೋ ನೋಡಲು ಅಧ್ಯಾಯದ ಪ್ಯಾರಾಗಳ ಮೊದಲ ವಾಕ್ಯಗಳನ್ನಷ್ಟೇ ಬೇರೆ ಹಾಳೆಗೆ ನಕಲು ಮಾಡಿ ಓದಿದೆ. ಎರಡನೆಯ ದಾರಿಯಲ್ಲಿ ಅಲ್ಲಿ ಸಿಕ್ಕಿದ್ದು ಹಳೇ ಶೀರ್ಷಿಕೆಗಳು. ಮೂರನೆಯದರಲ್ಲಿ ಒಂದು ವಾಕ್ಯ ಮುಂದಿನದಕ್ಕೆ ದಾರಿ ಮಾಡಿಕೊಡುತ್ತಿತ್ತು. ಮೊದಲನೆಯದರಲ್ಲಿ ಪ್ಯಾರಾ ಎಲ್ಲಿ ಒಡೆಯಬೇಕೆಂದೇ ತಿಳಿಯಲಿಲ್ಲ.

ಎಲ್ಲ ಅಧ್ಯಾಯಕ್ಕೂ ಇಷ್ಟು ಬೇಡ. ಸರ್ವೆ ಎಲ್ಲಿ, ಹೇಗೆ ಮಾಡಿದೆವು ಎನ್ನುವ ಭಾಗಕ್ಕೆ ಎರಡನೆಯ ದಾರಿಯೇ ಸಾಕಾಯಿತು, ಅಲ್ಲಿ ಕಾರಣಗಳ ಗೋಜಿಲ್ಲ. ಮನೆಗಳ ತಾರಸಿ ಅಳತೆ, ಸಂಪಿನ ಗಾತ್ರ ಇವನ್ನಂತೂ ಗದ್ಯ ಮಾಡಲೇ ಇಲ್ಲ. ಕೋಷ್ಟಕದಲ್ಲಿ ಹಾಕಿ, ಮೇಲೆ ಒಂದು ವಾಕ್ಯ ಬರೆದೆ.