ಟ್ರೆಂಡಿಂಗ್ ಆಡಿಯೋ ಎತ್ತಿಕೊಳ್ಳುವ ಮುಂಚೆ ಆ ದನಿ ಯಾರದ್ದು ಅಂತ ನೋಡಿ

ಆಷಾಢದ ಸೇಲ್ ಮುಗಿಯಲು ಇನ್ನೆರಡೇ ದಿನ ಇತ್ತು. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನ ಸೀರೆ ಅಂಗಡಿ (ಹೆಸರು ಬೇಡ) 22 ಸೆಕೆಂಡಿನ ರೀಲ್ ಹಾಕಿತು. ಖಾಲಿಯಾದ ರ‍್ಯಾಕಿನ ಮುಂದೆ ಸೇಲ್ಸ್ ಹುಡುಗಿಯರಿಬ್ಬರು ಹಣೆಗೆ ಕೈ ಹಚ್ಚಿಕೊಂಡು ಕೂತಿದ್ದಾರೆ. ಹಿಂದೆ ಆಗ ಎಲ್ಲರ ಫೋನಲ್ಲೂ ಓಡುತ್ತಿದ್ದ ಆಡಿಯೋ: 'ಎಲ್ಲಾ ಹೋತ್ರೀ... ಏನೂ ಉಳಿಲಿಲ್ರೀ...' ಮೇಲೆ ಬರಹ: 'ಸ್ಟಾಕ್ ಖಾಲಿ ಆಗೋ ಮುಂಚೆ ಬನ್ನಿ.'

ಮೊದಲ ಮೂರು ಗಂಟೆ ಎಲ್ಲರೂ ಖುಷಿಯಾಗಿದ್ದರು. ಆಮೇಲೆ ಒಂದು ಕಾಮೆಂಟ್ ಬಂತು: 'ಇದು ನಮ್ಮ ಪಕ್ಕದ ಹಳ್ಳಿ ಅಜ್ಜಿ. ಹೊಳಿ ಬಂದಾಗ ಮನಿ ಬಿದ್ದು ಟೀವಿಯವರ ಮುಂದೆ ಅತ್ತಿದ್ದು.' ಪ್ರವಾಹದ ಸುದ್ದಿಯ ತುಣುಕನ್ನು ಯಾವುದೋ ಮೀಮ್ ಪೇಜ್ ಕತ್ತರಿಸಿ, ಕೆಳಗೆ ಸಿನಿಮಾದ ಶೋಕದ ಟ್ಯೂನ್ ಕೂಡಿಸಿ ಹರಿಬಿಟ್ಟಿತ್ತು. ಸಂಬಳ ಖರ್ಚಾಯಿತು, ಚಾರ್ಜ್ ಮುಗಿಯಿತು, ಪರೀಕ್ಷೆ ಹೋಯಿತು ಎಂದು ಸಾವಿರಾರು ಜನ ಅದಕ್ಕೆ ತುಟಿ ಆಡಿಸಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಅಂಗಡಿಯನ್ನು ಮಾತ್ರ ಕೇಳಿದರು, ಏಕೆಂದರೆ ಅಂಗಡಿ ಆ ಅಳುವಿನ ಮೇಲೆ ಸೀರೆ ಮಾರುತ್ತಿತ್ತು. ಅದೂ ಆ ಅಜ್ಜಿಯ ಸೀಮೆಯಲ್ಲೇ.

ಅಂಗಡಿ ಮುಗ್ಗರಿಸಿದ್ದು 'ಒರಿಜಿನಲ್ ಆಡಿಯೋ' ಅನ್ನುವ ಪದದಲ್ಲಿ. ಇನ್‌ಸ್ಟಾಗ್ರಾಮ್‌ನಲ್ಲಿ ಆ ಪದದ ಪಕ್ಕ ಒಂದು ಅಕೌಂಟಿನ ಹೆಸರಿರುತ್ತದೆ. ಅದನ್ನು ನೋಡಿದವರು ಆಡಿಯೋ ಆ ಅಕೌಂಟಿನವರದ್ದೇ ಅಂದುಕೊಳ್ಳುತ್ತಾರೆ. ಆ ಹೆಸರು ಹೇಳುವುದು ಆ ಫೈಲನ್ನು ಅಪ್‌ಲೋಡ್ ಮಾಡಿದವರು ಯಾರು ಅನ್ನುವುದನ್ನು ಅಷ್ಟೇ. ದನಿ ಯಾರದ್ದು, ಟ್ಯೂನ್ ಯಾರದ್ದು, ಅದನ್ನು ಬಳಸಲು ಯಾರು ಒಪ್ಪಿದ್ದಾರೆ ಅನ್ನುವುದಕ್ಕೆ ಅಲ್ಲಿ ಉತ್ತರವಿಲ್ಲ.

ಮೂಲ ಹುಡುಕಲು ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ರೀಲಿನ ಕೆಳಗಿರುವ ಆಡಿಯೋ ಹೆಸರು ಒತ್ತಿದರೆ ಆಡಿಯೋ ಪುಟ ತೆರೆಯುತ್ತದೆ. ಅಲ್ಲಿ ಫೋನನ್ನು ಮಗುಚಿಟ್ಟು, ಚಿತ್ರ ನೋಡದೆ, ಇಯರ್‌ಫೋನ್ ಹಾಕಿಕೊಂಡು ಇಡೀ ತುಣುಕು ಕೇಳಿ. ಟ್ರೆಂಡಿನಲ್ಲಿ ಓಡುವುದು ಎಷ್ಟೋ ಸಲ ಅದರ ನಡುವಿನ ಐದಾರು ಸೆಕೆಂಡು ಮಾತ್ರ. ಚಿತ್ರ ಇಲ್ಲದೆ ಕೇಳಿದಾಗ ನಟನೆಯ ಅಳು ಯಾವುದು, ನಿಜವಾದ ಅಳು ಯಾವುದು ಅಂತ ಕಿವಿಗೆ ಬೇಗ ಗೊತ್ತಾಗುತ್ತದೆ: ಉಸಿರು ಕಟ್ಟುವುದು, ಹಿಂದೆ ಜನ ಮಾತಾಡುವುದು, ಮೈಕಿಗೆ ಗಾಳಿ ಹೊಡೆಯುವುದು. ಆಮೇಲೆ ಅದೇ ಮಾತುಗಳನ್ನು ಕನ್ನಡದಲ್ಲಿ ಟೈಪ್ ಮಾಡಿ ಯೂಟ್ಯೂಬಿನಲ್ಲಿ ಹುಡುಕಿ. ಆಡು ಮಾತಿನಲ್ಲಿ ಒಮ್ಮೆ, ಗ್ರಂಥದ ಭಾಷೆಯಲ್ಲಿ ಒಮ್ಮೆ, ಏಕೆಂದರೆ ಸುದ್ದಿ ವಾಹಿನಿಯವರು ತಲೆಬರಹದಲ್ಲಿ 'ಹೋತ್ರೀ' ಅಂತ ಬರೆಯುವುದು ಅಪರೂಪ. ಅಲ್ಲೂ ಸಿಗದಿದ್ದರೆ ಹೆಚ್ಚು ಓಡಿದ ರೀಲುಗಳ ಕಾಮೆಂಟ್ ಓದಿ. 'ಇದರ ಒರಿಜಿನಲ್ ವಿಡಿಯೋ ಯಾವುದು?' ಎಂದು ಯಾರಾದರೂ ಕೇಳಿರುತ್ತಾರೆ, ಇನ್ಯಾರೋ ಲಿಂಕ್ ಕೊಟ್ಟಿರುತ್ತಾರೆ. ಈ ಮೂರೂ ಆದಮೇಲೂ ಮೂಲ ಸಿಗಲಿಲ್ಲವೆಂದರೆ ಆ ಆಡಿಯೋ ಬಿಟ್ಟುಬಿಡಿ. ಇದರಲ್ಲಿ ನಮ್ಮದು ಹಟದ ಅಭಿಪ್ರಾಯ.

ಭಾಷೆ ಗೊತ್ತಿಲ್ಲದ ಆಡಿಯೋ ಆದರೆ ಇನ್ನೂ ಕಷ್ಟ. 2023ರ ಕೊನೆಯಲ್ಲಿ ಭಾರತದಲ್ಲಿ 'ಮೋಯೆ ಮೋಯೆ' ಅಂತ ಎಲ್ಲರೂ ನಗಾಡಿದ ತುಣುಕು ಸರ್ಬಿಯಾದ ಗಾಯಕಿ ತೇಯಾ ದೋರಾ ಅವರ 'ಜಾನುಮ್' ಹಾಡಿನದು. ಅಲ್ಲಿರುವ ಪದ 'ಮೋಯೆ ಮೋರೆ'. ಅರ್ಥ 'ನನ್ನ ದುಃಸ್ವಪ್ನಗಳು'. ನೋವಿನ ಹಾಡು. ಗೆಳೆಯ ಜಾರಿ ಬಿದ್ದದ್ದಕ್ಕೆ ಅದನ್ನು ಹಾಕಿದರೆ ಯಾರಿಗೂ ನಷ್ಟವಿಲ್ಲ. ಆಸ್ಪತ್ರೆಯೋ ವಿಮೆ ಏಜೆಂಟರೋ ಹಾಕಿದರೆ ಅರ್ಥ ಗೊತ್ತಿರುವ ಒಬ್ಬ ಗ್ರಾಹಕ ಸಾಕು.

ಮೂಲ ಸ್ವಚ್ಛವಾಗಿದ್ದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಮೀಮಿನಲ್ಲಿ ನಿಮ್ಮ ಜಾಗ ಯಾವುದು? ಪ್ರತಿ ಮೀಮಿನಲ್ಲೂ ಮೋಸ ಹೋದವನು, ಜಾಣ, ಬೈಯುವವನು, ಬೈಸಿಕೊಳ್ಳುವವನು ಅಂತ ಪಾತ್ರಗಳಿರುತ್ತವೆ. ಆ ಆಡಿಯೋ ಬಳಸಿದ ಮೂವತ್ತು ರೀಲು ನೋಡಿ, ಒಂದು ಹಾಳೆಯಲ್ಲಿ 'ನಗುವವರು ಯಾರು, ನಗೆಗೀಡಾದವರು ಯಾರು' ಅಂತ ಎರಡು ಕಾಲಂ ಬರೆಯಿರಿ. ನಂತರ ನಿಮ್ಮ ಅಂಗಡಿಯನ್ನು ಒಂದು ಕಾಲಂನಲ್ಲಿ, ಗ್ರಾಹಕರನ್ನು ಇನ್ನೊಂದರಲ್ಲಿ ಕೂರಿಸಿ. ಸೀರೆ ಅಂಗಡಿಯ ರೀಲಿನಲ್ಲಿ 'ಎಲ್ಲಾ ಹೋಯಿತು' ಎಂದು ಅಳುವ ಪಾತ್ರ ಅಂಗಡಿಯದ್ದು. ಆದರೆ ಸ್ಟಾಕ್ ಖಾಲಿಯಾದರೆ ಅಂಗಡಿಗೆ ಲಾಭ! ಅಜ್ಜಿಯ ವಿಷಯ ಪಕ್ಕಕ್ಕಿಟ್ಟರೂ ಜೋಕು ಕೂರುತ್ತಿರಲಿಲ್ಲ. ಜೊತೆಗೆ ಅಲ್ಲಿ ಸೀರೆ ಕೊಳ್ಳುವವರಲ್ಲಿ ಹೆಚ್ಚಿನವರು ನಲವತ್ತು ದಾಟಿದ ಹೆಂಗಸರು. ಟ್ರೆಂಡ್ ಗೊತ್ತಿಲ್ಲದ ಅವರಿಗೆ ಕಂಡದ್ದು, ಶ್ರಾವಣಕ್ಕೆ ಮುಂಚೆ ಅಂಗಡಿಯಲ್ಲಿ ಹುಡುಗಿಯರು ಕೂತು ಅಳುತ್ತಿರುವುದು. ಆದ್ದರಿಂದ ಕರಡು ರೀಲನ್ನು ಟ್ರೆಂಡ್ ಗೊತ್ತಿಲ್ಲದ ಇಬ್ಬರಿಗೆ ತೋರಿಸಿ, ಏನು ಅರ್ಥವಾಯಿತು ಅಂತ ಕೇಳಿ. ನೀವು ವಿವರಿಸಬೇಕಾಗಿ ಬಂದರೆ ಆ ರೀಲು ಹಾಕಬೇಡಿ.

ಹಕ್ಕಿನ ವಿಷಯ ಬೇರೆ ತಲೆನೋವು. ಸೀರೆ ಅಂಗಡಿಯವರು ತಮ್ಮ ರೀಲನ್ನು ದುಡ್ಡು ಕೊಟ್ಟು ಬೂಸ್ಟ್ ಮಾಡಲು ಹೋದಾಗ ಆಗಲಿಲ್ಲ. ಕೆಳಗೆ ಸಿನಿಮಾ ಟ್ಯೂನ್ ಇತ್ತಲ್ಲ. ಹಕ್ಕುಸ್ವಾಮ್ಯವಿರುವ ಸಂಗೀತವಿದ್ದರೆ ಬೂಸ್ಟ್‌ಗೆ ಅವಕಾಶವಿಲ್ಲ. ಬಿಸಿನೆಸ್ ಅಕೌಂಟಿಗೆ ಜನಪ್ರಿಯ ಹಾಡುಗಳು ಹೆಚ್ಚಾಗಿ ಸಿಗದಿರುವುದೂ ಇದೇ ಕಾರಣಕ್ಕೆ. ಇದಕ್ಕೆ 'ಉಪಾಯ' ಅಂತ ಹಲವರು ಕ್ರಿಯೇಟರ್ ಅಕೌಂಟಿಗೆ ಬದಲಾಯಿಸಿಕೊಳ್ಳುತ್ತಾರೆ. ಪಟ್ಟಿಯಲ್ಲಿ ಹಾಡು ಕಾಣಿಸುತ್ತದೆ ನಿಜ, ಜಾಹೀರಾತಿಗೆ ಬಳಸುವ ಅನುಮತಿ ಅದರಿಂದ ಬರುವುದಿಲ್ಲ. 'ಹದಿನೈದು ಸೆಕೆಂಡ್ ಒಳಗಿದ್ದರೆ ಪರವಾಗಿಲ್ಲ', 'ಕ್ರೆಡಿಟ್ ಹಾಕಿದರೆ ಆಯಿತು' ಎಂಬ ಎರಡು ಮಾತಿಗೂ 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಆಧಾರವಿಲ್ಲ. ಸೆಕ್ಷನ್ 52 ನ್ಯಾಯಯುತ ಬಳಕೆಗೆ ಜಾಗ ಕೊಡುವುದು ಖಾಸಗಿ ಉಪಯೋಗ, ವಿಮರ್ಶೆ, ಸುದ್ದಿ ವರದಿಯಂಥವಕ್ಕೆ. ಆಷಾಢದ ಸೇಲ್ ಅದರಲ್ಲಿ ಬರುವುದಿಲ್ಲ. ಅಮೆರಿಕದಲ್ಲಿ 2025ರ ಏಪ್ರಿಲ್‌ನಲ್ಲಿ ವಾರ್ನರ್ ಮ್ಯೂಸಿಕ್ ಕಂಪನಿ ಕ್ರಂಬಲ್ ಎಂಬ ಕುಕೀ ಅಂಗಡಿ ಸರಣಿಯ ಮೇಲೆ ಮೊಕದ್ದಮೆ ಹೂಡಿದ್ದು ಸೋಷಿಯಲ್ ಮೀಡಿಯಾ ವಿಡಿಯೋಗಳಲ್ಲಿ ಅನುಮತಿ ಇಲ್ಲದೆ ಹಾಡು ಬಳಸಿದ ಆರೋಪದ ಮೇಲೆಯೇ. ಪಟ್ಟಿಯಲ್ಲಿದ್ದದ್ದು 159 ಕೃತಿಗಳು. ಸಂಗೀತ ಬೇಕೇ ಬೇಕೆಂದರೆ ಮೆಟಾದ ಸೌಂಡ್ ಕಲೆಕ್ಷನ್‌ನಿಂದ ತೆಗೆದುಕೊಳ್ಳಿ. ಅಲ್ಲಿ ಟ್ರೆಂಡ್ ಸಿಗುವುದಿಲ್ಲ, ನೋಟಿಸೂ ಬರುವುದಿಲ್ಲ.

ಕೆಟ್ಟದ್ದು ನಡೆದ ಮೇಲೆ ಅಂಗಡಿಯವರು ಮಾಡಿದ್ದು ಇನ್ನೂ ಕೆಟ್ಟದ್ದು. ವ್ಯೂಸ್ ಏರುತ್ತಿವೆ ಎಂದು ಎರಡು ದಿನ ರೀಲನ್ನು ಹಾಗೇ ಬಿಟ್ಟು, ಬೈದವರ ಕಾಮೆಂಟ್ ಮಾತ್ರ ಅಳಿಸುತ್ತಾ ಹೋದರು. ಅಳಿಸಿದ ಕಾಮೆಂಟುಗಳ ಸ್ಕ್ರೀನ್‌ಶಾಟ್ ಊರಿನ ವಾಟ್ಸಾಪ್ ಗುಂಪುಗಳಿಗೆ ಬಂತು. ಸಿಟ್ಟಿನ ವ್ಯೂಸ್ ಗುರುತಿಸುವುದು ಕಷ್ಟವೇನಲ್ಲ. ಇನ್‌ಸೈಟ್ಸ್ ತೆರೆದು ನೋಡಿದರೆ ಶೇರ್ ಏರುತ್ತಿರುತ್ತದೆ, ಸೇವ್ ನಿಂತಲ್ಲೇ ನಿಂತಿರುತ್ತದೆ, 'ರೇಟ್ ಎಷ್ಟು?' ಎಂಬ ಮೆಸೇಜ್ ಒಂದೂ ಇರುವುದಿಲ್ಲ. ಅಂಥ ಲಕ್ಷಣ ಕಂಡ ಗಂಟೆಯಲ್ಲೇ ರೀಲನ್ನು ತೆಗೆದು, ಯಾವ ಆಡಿಯೋ, ಅದು ಯಾರ ದನಿ, ನೋಡದೆ ಬಳಸಿದೆವು ಎಂದು ಮೂರು ಸಾಲು ಬರೆಯಬೇಕು. 'ಯಾರಿಗಾದರೂ ನೋವಾಗಿದ್ದರೆ' ಅಂತ ಶುರುಮಾಡಬೇಡಿ. ನೋವಾದವರು ಯಾರೆಂದು ಅಷ್ಟು ಹೊತ್ತಿಗೆ ಊರಿಗೇ ಗೊತ್ತಿರುತ್ತದೆ.

ಆ ಅಂಗಡಿಯಲ್ಲಿ ಬೇಕಾದ ಸದ್ದು ಮೊದಲಿಂದಲೂ ಇತ್ತು. ಗಾದಿ ಮೇಲೆ ಇಳಕಲ್ ಸೀರೆ ಬಿಚ್ಚಿ ಎಸೆಯುವಾಗಿನ 'ಸರ್ರ್' ಸದ್ದು, ಅದರ ಹಿಂದೆಯೇ ಗ್ರಾಹಕರ ದನಿ: 'ಇದರಾಗ ಬ್ಯಾರೆ ಬಣ್ಣ ತೋರಸ್ರೀ.' ಒಬ್ಬರು ಕೊರಳಿಗೆ ಮೈಕ್ ಸಿಕ್ಕಿಸಿಕೊಂಡು ನಿಂತಿದ್ದರೆ ಹತ್ತು ನಿಮಿಷದ ಕೆಲಸ. ದನಿ ಬಳಸುತ್ತೇವೆ ಅಂತ ಆ ಗ್ರಾಹಕರನ್ನು ಮಾತ್ರ ಮೊದಲೇ ಕೇಳಬೇಕಿತ್ತು.