3² × 3³ = 6⁵ ಬರೆಯುವ ಮಕ್ಕಳಿಗೆ ತಿದ್ದೋಕೆ ಯಾವ ಅಭ್ಯಾಸ ಕೆಲಸಕ್ಕೆ ಬಂತು?

ಹಾಸನದ ನಮ್ಮ ಮನೆಯಲ್ಲಿ ಸಂಜೆ ಏಳೆಂಟು ಮಕ್ಕಳಿಗೆ ಟ್ಯೂಷನ್ ಮಾಡುತ್ತೇನೆ. ಘಾತಾಂಕದ ಹಾಳೆ ಕೊಟ್ಟರೆ ಮೂವರು 2³ × 2⁴ = 4⁷ ಅಂತ ಬರೆದರು. ಯಾಕೆ ಅಂತ ಕೇಳಿದ್ದಕ್ಕೆ ಒಬ್ಬಳು, "ಗುಣಾಕಾರ ಇದ್ರೆ ಕೂಡ್ಬೇಕು ಅಂತ ನೀವೇ ಹೇಳಿದ್ರಲ್ಲ ಆಂಟಿ?" ಅಂದಳು. ಹೇಳಿದ್ದೆ. ಯಾವುದನ್ನು ಕೂಡಬೇಕು ಅಂತ ಬಿಡಿಸಿ ಹೇಳಿರಲಿಲ್ಲ. ಅವಳು ಮೇಲಿನದನ್ನೂ ಕೂಡಿದಳು, ಕೆಳಗಿನದನ್ನೂ ಕೂಡಿದಳು.

ನನ್ನ ಹಾಳೆಯೂ ಸರಿ ಇರಲಿಲ್ಲ. ಎಲ್ಲ ಲೆಕ್ಕದಲ್ಲೂ ಆಧಾರ ಸಂಖ್ಯೆ 2. ಎರಡಕ್ಕೆ ಎರಡು ಕೂಡಿದರೂ 4, ಗುಣಿಸಿದರೂ 4. ಮಗು ಏನು ಮಾಡಿತು ಅಂತ ಗೊತ್ತಾಗೋದು ಹೇಗೆ? 3² × 3³ ಕೊಟ್ಟ ಮೇಲೆ ಗುಟ್ಟು ರಟ್ಟಾಯಿತು. ಇಬ್ಬರು 6⁵ ಬರೆದರು, ಒಬ್ಬ 9⁵.

ಮೊದಲು ಬೆಲೆ ಕಟ್ಟಿ ತಾಳೆ ನೋಡಿಸಿದೆ. 9 × 27 = 243. ಆದರೆ 6⁵ ಅಂದರೆ 7776. ತಪ್ಪಾಗಿದೆ ಅಂತ ಮಕ್ಕಳು ತಕ್ಷಣ ಒಪ್ಪಿದರು. ಎಲ್ಲಿ ತಪ್ಪಿತು ಅನ್ನೋದು ಮಾತ್ರ ಹೊಳೆಯಲಿಲ್ಲ. ಒಬ್ಬನಂತೂ ಗುಣಾಕಾರ ತಪ್ಪಿರಬೇಕು ಅಂತ 6⁵ ಅನ್ನೇ ಇನ್ನೊಂದು ಸಲ ಮಾಡಿದ.

ಆಮೇಲೆ ಬಿಡಿಸಿ ಬರೆಸಿದೆ: (3 × 3) × (3 × 3 × 3). "ಇದರಲ್ಲಿ 6 ಎಲ್ಲಿದೆ ತೋರಿಸು" ಅಂದೆ. ಆ ಹುಡುಗಿ ಪೆನ್ಸಿಲ್ ಇಟ್ಟು ಒಂದೊಂದೇ ಎಣಿಸಿದಳು. 3 ಐದು ಸಲ ಇತ್ತು, ಅಂದರೆ 3⁵. 6 ಎಲ್ಲೂ ಇರಲಿಲ್ಲ. ಮೇಲಿನ ಅಂಕೆ ಎಣಿಕೆ, ಕೆಳಗಿನದು ಎಣಿಸುವ ವಸ್ತು ಅನ್ನೋದು ಆಗ ತಲೆಗೆ ಹೋಯಿತು. ಕಾರಣ ತೋರಿಸೋಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಆದರೆ ಹತ್ತು ದಿನ ಬಿಟ್ಟು ಬೇಗ ಬೇಗ ಮಾಡಿ ಅಂದರೆ ಇಬ್ಬರು ಮತ್ತೆ ಹಳೇ ಚಾಳಿಗೆ ಬಿದ್ದರು. ಅವಸರದಲ್ಲಿ ಯಾರೂ ಬಿಡಿಸಿ ಬರೆಯಲ್ಲ, ಅಲ್ವಾ?

ಅದಕ್ಕೇ ಮೂರನೆಯದು: ಚೀಟಿ ವಿಂಗಡಿಸೋದು. ಉತ್ತರ ಬರೆಯೋ ಹಾಗಿಲ್ಲ. ಘಾತಾಂಕ ಕೂಡಬಹುದೋ ಇಲ್ಲವೋ, ಅಷ್ಟೇ ಹೇಳಬೇಕು. 3² × 3⁴, 3² + 3⁴, 2³ × 5², 2³ × 5³ ಹೀಗೆ ಬೆರೆಸಿ ಇಟ್ಟೆ. ಮೊದಲನೆಯದಕ್ಕೆ ಮಾತ್ರ ಹೌದು. ಎರಡನೆಯದರಲ್ಲಿ ಇರೋದು ಸಂಕಲನ: 9 + 81 = 90, 3⁶ ಆದರೆ 729. ಮೂರನೆಯದರಲ್ಲಿ ಕೆಳಗಿನ ಅಂಕೆಗಳೇ ಬೇರೆ ಬೇರೆ. ಕೊನೆಯ ಚೀಟಿಗೆ ಜಗಳವೇ ಆಯಿತು. ಅಲ್ಲಿ ಘಾತಾಂಕ ಒಂದೇ, ಒಂದೊಂದು 2ಕ್ಕೆ ಒಂದೊಂದು 5 ಜೋಡಿಯಾಗಿ 10³ ಆಗುತ್ತೆ. ಕೆಳಗಿನದನ್ನು ಗುಣಿಸಬಹುದಾದ ಜಾಗ ಇದು. ಬಿಡಿಸಿ ಬರೆಯದೆ ಇದನ್ನು ಸುಮ್ನೆ ಕೊಟ್ಟರೆ 9⁵ ಬರೆದವನ ಗೊಂದಲ ಇನ್ನೂ ಜಾಸ್ತಿ ಆಗುತ್ತೆ.

ನನ್ನ ಆಯ್ಕೆ: ಮೊದಲ ದಿನ ಬಿಡಿಸಿ ಬರೆಸೋದು, ಆಮೇಲೆ ವಾರಕ್ಕೊಮ್ಮೆ ಐದು ನಿಮಿಷ ಚೀಟಿ. ತಾಳೆ ನೋಡೋದು ಅನುಮಾನ ಬಂದಾಗ ಸಾಕು. ಆ ಹುಡುಗಿ ಈಗ ಲೆಕ್ಕ ಶುರು ಮಾಡೋ ಮೊದಲು ಕೆಳಗಿನ ಅಂಕೆಗಳಿಗೆ ಸುತ್ತು ಹಾಕುತ್ತಾಳೆ. 2³ × 5² ಬಂದರೆ 8 × 25 ಅಂತ ಬರೆದು 200ಕ್ಕೆ ನಿಲ್ಲಿಸುತ್ತಾಳೆ.